ಬ್ಯಾಟರಿಯ ಎದುರಿನ ಸರಿ ಗುರುತು

ಸೊರಬದ ಬಸ್ಸು ಶಿರಾಳಕೊಪ್ಪದಲ್ಲಿ ಸಂತೆಗೆ ಬಂದವರನ್ನೆಲ್ಲ ಇಳಿಸಿ ಶಿಕಾರಿಪುರದ ಕಡೆ ಹೊರಳಿದಾಗ ಹನುಮಮ್ಮ ಮೂರನೇ ಸಲ ಕೇಳಿದಳು: "ಮಾಸ್ತಾ, ಪಟ್ಟಿ ಅದೆಯಲ್ಲ?"

"ಅದೆ ಅತ್ತೆ. ಇನ್ನೆಷ್ಟು ಸಲ ಕೇಳ್ತಿ?"

"ಕೇಳ್ದೆ ಇರಕ್ಕೆ ಆಗುತ್ತಾ? ಎಮ್ಮೆ ಆದ್ರೆ ಬಾಯಿ ತೆಗ್ದು ಹಲ್ಲು ನೋಡ್ತೀನಿ, ಕೆಚ್ಚಲು ಮುಟ್ತೀನಿ, ಎರಡು ಸೇರು ಕರ್ದೇ ಮಾತಾಡ್ತೀನಿ. ಇದಕ್ಕೆ ಬಾಯೂ ಇಲ್ಲ, ಕೆಚ್ಚಲೂ ಇಲ್ಲ. ನೀನೇ ಗತಿ."

ಮಾಸ್ತಪ್ಪ ನಕ್ಕ. ಹನುಮಮ್ಮ ಅವನ ಅಪ್ಪನ ತಂಗಿ. ಕೂಲಿಗೆ ಹೋಗುತ್ತಲೇ ಭಾನುವಾರದ ಓದುಗೂಟದಲ್ಲಿ ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವಳು. ಈಗ ಕೇರಿಯ ಭೂಮಿ ಸಂಘಕ್ಕೆ ಅವಳೇ ಕಾರ್ಯದರ್ಶಿ. ಮಾಸ್ತಪ್ಪ ಸೊರಬದ ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುವವನು. ಲಗ್ನಪತ್ರಿಕೆ, ಕರಪತ್ರ, ಪತ್ತಿನ ಸಂಘದ ವರದಿ ಎಲ್ಲವನ್ನೂ ಕುಟ್ಟುವವನು. ಇಡೀ ಸಂಘದಲ್ಲಿ ಕಂಪ್ಯೂಟರಿನ ಮೈಮೇಲೆ ಕೈಯಿಟ್ಟವನು ಅವನೊಬ್ಬನೇ.

೧೯೯೯ರ ಬೇಸಿಗೆ. ಬಗರ್ ಹುಕುಂ ಅರ್ಜಿಗಳಿಗೆ ಕೊಟ್ಟಿದ್ದ ಗಡುವು ಹತ್ತಿರ ಬರುತ್ತಿತ್ತು. ಮೂವತ್ತು ವರ್ಷ ಉತ್ತು ಬಿತ್ತಿದ ನೆಲಕ್ಕೆ ಒಂದು ಕಾಗದವಿಲ್ಲದವರು ಕಾಡಂಚಿನ ಹಾಡಿಹಾಡಿಗಳಲ್ಲಿದ್ದರು. ಹಿಂದಿನ ಸಲ ಸರ್ವೆ ನಂಬರು ತಪ್ಪಿದೆ, ಅಪ್ಪನ ಹೆಸರು ತಪ್ಪಿದೆ ಎಂದು ಅರ್ಜಿಗಳನ್ನು ಕಟ್ಟು ಕಟ್ಟಾಗಿ ಹಿಂದೆ ತಳ್ಳಿದ್ದರು. ಈ ಸಲ ಅಂಬ್ಲಿಗೊಳ ಅಣೆಕಟ್ಟಿನ ಹಿನ್ನೀರಿನ ಆಚೆಯ ಹಾಡಿಗಳಿಗೇ ಹೋಗಿ, ಉಳುವವನನ್ನು ಎದುರಿಗೆ ಕೂರಿಸಿಕೊಂಡು, ಅವನ ಬಾಯಿಂದಲೇ ಕೇಳಿ ಬರೆದು, ಅವನಿಗೇ ಓದಿ ಹೇಳಿ, ನಕಲಿನಲ್ಲಿ ಮತ್ತೆ ತಪ್ಪದಂತೆ ಫ್ಲಾಪಿಯಲ್ಲಿ ತಂದು ಸೊರಬದಲ್ಲಿ ಅಚ್ಚು ಹಾಕುವುದೆಂದು ಸಂಘ ತೀರ್ಮಾನಿಸಿತ್ತು. ಆ ಹಾಡಿಗಳಿಗೆ ಕರೆಂಟು ಬಂದಿರಲಿಲ್ಲ. ನೀರು ನಿಲ್ಲಿಸಲು ಅವರ ನೆಲ ಬೇಕಾಗಿತ್ತು, ದೀಪ ಕೊಡಲು ಯಾರಿಗೂ ನೆನಪಾಗಿರಲಿಲ್ಲ. ಹಾಗಾಗಿ ಬೇಕಾದದ್ದು ತಂತಿಯಿಲ್ಲದೆ ಒಂದು ಗಂಟೆಯಾದರೂ ಓಡುವ ಲ್ಯಾಪ್‌ಟಾಪು. ಉಳಿದದ್ದೆಲ್ಲ ಆಮೇಲೆ.

ಶಿಕಾರಿಪುರದ ಎಪಿಎಂಸಿ ಎದುರಿನ ಮಂಡಿಯ ಪರಮಶಿವಪ್ಪನವರು ಮೂರು ವರ್ಷ ಬಳಸಿದ ಲ್ಯಾಪ್‌ಟಾಪನ್ನು ಮಾರುತ್ತಾರೆಂದು ಡಿಟಿಪಿ ಅಂಗಡಿಯ ಯಜಮಾನರೇ ಹೇಳಿದ್ದರು. ಏನೇನು ನೋಡಬೇಕೆಂದು ಪಟ್ಟಿ ಬರೆಸಿದವರೂ ಅವರೇ. ಬ್ಯಾಟರಿಯ ಆರೋಗ್ಯ ತೋರಿಸುವ ಪ್ರೋಗ್ರಾಂ ಇರುವ ಫ್ಲಾಪಿ ಕೊಟ್ಟು, "ಮೂಲೆಯಾಗೆ ನೂರು ಪರ್ಸೆಂಟ್ ಅಂತ ತೋರ್ಸುತ್ತೆ, ಅದನ್ನ ನಂಬ್ಬೇಡ. ಕೊಡ ತುಂಬೇದೆ ಅನ್ನುತ್ತೆ ಅದು, ಕೊಡ ಎಷ್ಟು ದೊಡ್ಡದು ಅಂತ ಹೇಳಲ್ಲ. ಫ್ಲಾಪಿ ಹೇಳುತ್ತೆ. ಆಮೇಲೆ ವೈರು ಕಿತ್ತು ಅರ್ಧ ಗಂಟೆ ಬಿಟ್ಟು ನೋಡು" ಎಂದಿದ್ದರು.

ಪರಮಶಿವಪ್ಪನವರ ಮನೆ ಮಂಡಿಯ ಹಿಂದುಗಡೆಯೇ. ಜಗುಲಿ, ಹೊಸ್ತಿಲು, ಒಳಗೆ ಪಡಸಾಲೆ. ವಿಭೂತಿ ಹಚ್ಚಿದ, ಬಿಳಿ ಪಂಚೆಯ ದೊಡ್ಡ ಮನುಷ್ಯ ಬಾಗಿಲಿಗೇ ಬಂದರು.

"ಬರ್ರಿ ಬರ್ರಿ. ಫೋನು ಬಂದಿತ್ತು. ಕಂಪ್ಯೂಟರ್ ಕಲ್ತೋರು ನೀವೇ ಏನು? ಒಳಗೆ ಬಾಪ್ಪಾ." ಆಮೇಲೆ ಹನುಮಮ್ಮನ ಕಡೆ ಕಣ್ಣು ಹಾಯಿಸಿ, "ಆಯಮ್ಮ ಇಲ್ಲೇ ಜಗುಲಿ ಮ್ಯಾಲೆ ಕೂತಿರ್ಲಿ. ಗಾಳಿ ಚೆನ್ನಾಗೈತೆ" ಎಂದರು. ದನಿಯಲ್ಲಿ ಒಂದಿಷ್ಟೂ ಒರಟುತನವಿರಲಿಲ್ಲ.

ಹನುಮಮ್ಮ ಕೂತಳು. ಮಾಸ್ತಪ್ಪನ ಕಾಲು ಒಂದು ಗಳಿಗೆ ಹೊಸ್ತಿಲ ಹೊರಗೇ ನಿಂತಿತು. ಆಮೇಲೆ ಒಳಗೆ ಹೋಯಿತು. ಇಪ್ಪತ್ತಾರು ವರ್ಷದಲ್ಲಿ ಇಂಥ ಮನೆಯ ಪಡಸಾಲೆಯನ್ನು ಅವನು ಕಂಡಿರಲಿಲ್ಲ. ಕುರ್ಚಿ ಎಳೆದು ಕೊಟ್ಟರು. ಕೂತ.

ಟೇಬಲಿನ ಮೇಲೆ ಕಪ್ಪು ಲ್ಯಾಪ್‌ಟಾಪು, ಗೋಡೆಯ ಪ್ಲಗ್ಗಿಗೆ ಅದರ ತಂತಿ. ಮಾಸ್ತಪ್ಪ ಪಟ್ಟಿ ಬಿಚ್ಚಿಟ್ಟು ಕೆಲಸಕ್ಕೆ ಇಳಿದ. ಮೊದಲು ಕೀಲು. ಮುಚ್ಚಳವನ್ನು ಅರ್ಧ ತೆರೆದು ಕೈ ಬಿಟ್ಟ, ಬಿಟ್ಟಲ್ಲೇ ನಿಂತಿತು. ಇನ್ನಷ್ಟು ಬಗ್ಗಿಸಿದ, ಅಲ್ಲೂ ನಿಂತಿತು. ಕೀಲಿನ ಬುಡದ ಪ್ಲಾಸ್ಟಿಕ್ಕಿನಲ್ಲಿ ಬಿರುಕಿದೆಯೇ ಎಂದು ಉಗುರು ಆಡಿಸಿ ನೋಡಿದ. ಇರಲಿಲ್ಲ. ಚಾಲೂ ಮಾಡಿ, ಪರದೆ ಬೆಳಗುತ್ತಿರುವಾಗಲೇ ಮುಚ್ಚಳವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದ. ಒಳಗಿನ ತಂತಿ ಸವೆದಿದ್ದರೆ ಬೆಳಕು ಮಿಣುಕಬೇಕು. ಮಿಣುಕಲಿಲ್ಲ. ಪರದೆ ತುಂಬ ಬಿಳಿ ಮಾಡಿ ಸತ್ತ ಚುಕ್ಕೆ ಹುಡುಕಿದ, ಕಪ್ಪು ಮಾಡಿ ಉರಿಯುತ್ತಲೇ ಉಳಿದ ಚುಕ್ಕೆ ಹುಡುಕಿದ. ಎಡಮೂಲೆಯಲ್ಲಿ ಸಾಸಿವೆಗಿಂತ ಸಣ್ಣದೊಂದು ಕೆಂಪು, ಅಷ್ಟೇ. ಒಂದೊಂದೇ ಕೀಲಿ ಒತ್ತಿದ. ಫ್ಲಾಪಿಯಿಂದ ಕನ್ನಡ ಅಕ್ಷರ ಹಾಕಿ, ತಂದಿದ್ದ ಅರ್ಜಿಯ ಕರಡು ತೆರೆದು, ಉಳಿಸಿ, ಮತ್ತೆ ಓದಿಸಿದ. ಎಲ್ಲಕ್ಕೂ ಪಟ್ಟಿಯಲ್ಲಿ ಸರಿ ಗುರುತು ಬಿತ್ತು.

"ಅಬ್ಬಾ, ಏನು ತಪಾಸಣೆ!" ಪರಮಶಿವಪ್ಪನವರು ನಕ್ಕರು. "ಹೆಣ್ಣು ನೋಡಕ್ಕೆ ಬಂದೋರು ಇಷ್ಟು ನೋಡಲ್ಲಪ್ಪಾ. ನಿನ್ನಂಗೆ ಬುದ್ಧಿವಂತ್ರು ಆಗ್ಬೇಕು ನಿಮ್ಮೋರೆಲ್ಲ. ನೀಲಾಂಬಿಕಾ, ಕಾಫಿ ತಾರೆ."

ನಿಮ್ಮೋರೆಲ್ಲ ಎಂಬ ಮಾತು ಮುಳ್ಳಿನಂತೆ ಇತ್ತು. ಮಾಸ್ತಪ್ಪನಿಗೆ ಚುಚ್ಚಲಿಲ್ಲ, ಹೂವಿನಂತೆ ತಾಗಿತು. ಅದೇ ಆಮೇಲೆ ನೆನೆದಾಗಲೆಲ್ಲ ಅವನನ್ನು ಹಿಂಡಿದ್ದು.

ಬ್ಯಾಟರಿ ಫ್ಲಾಪಿ ಹಾಕಿದ. ಮೂಲೆಯ ಚಿತ್ರ ನೂರು ಪರ್ಸೆಂಟ್ ಎನ್ನುತ್ತಿತ್ತು. ಪ್ರೋಗ್ರಾಂ ಮೂರು ಸಾಲು ಕೊಟ್ಟಿತು. ಹೊಸದಿದ್ದಾಗ ಹಿಡಿಯುತ್ತಿದ್ದದ್ದು ನಾಲ್ಕು ಸಾವಿರ. ಈಗ ಪೂರ್ತಿ ತುಂಬಿದರೆ ಹಿಡಿಯುವುದು ಮುನ್ನೂರ ತೊಂಬತ್ತು. ತುಂಬಿ ಬರಿದಾದ ಸುತ್ತು ಆರುನೂರ ಹನ್ನೆರಡು. ಹತ್ತರಲ್ಲಿ ಒಂದು ಪಾಲೂ ಉಳಿದಿಲ್ಲ. ಹೊಸ ಬ್ಯಾಟರಿ ಬೆಂಗಳೂರಿನಿಂದ ತರಿಸಬೇಕು; ಅಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಅದೇ ಹೊತ್ತಿಗೆ ನೀಲಾಂಬಿಕಮ್ಮ ಕಾಫಿ ತಂದರು. ಪರಮಶಿವಪ್ಪನವರಿಗೊಂದು ಸ್ಟೀಲ್ ಲೋಟ. ಮಾಸ್ತಪ್ಪನಿಗೂ ಅಂಥದೇ ಲೋಟ, ಬಾಯಿ ಸುತ್ತ ಹೆಸರು ಕೊರೆದದ್ದು. ಬಾಗಿಲ ಪಕ್ಕದ ಗೂಡಿನಲ್ಲಿದ್ದ ಗಾಜಿನ ಲೋಟವೊಂದನ್ನು ತೆಗೆದುಕೊಂಡು ಹೊರಗೆ ಹೋದರು. ಅದು ಯಾರಿಗೆ ಎಂದು ಅವನು ತಲೆ ಎತ್ತಿ ನೋಡಲಿಲ್ಲ.

"ಆಯಮ್ಮ ಯಾರು? ನಿಮ್ಮ ಪೈಕಿನಾ?"

"ಸಂಘದೋರು, ಸಾರ್."

ಇಷ್ಟು ಸಣ್ಣ ಮಾತು. ಆಡಿ, ಇನ್ನೊಂದು ಗುಟುಕು ಕುಡಿದ.

"ಬ್ಯಾಟ್ರಿ ಏನಂತು?"

ಹೇಳಬೇಕಾದ್ದು ಒಂದೇ ಮಾತು: ಸತ್ತಿದೆ ಸಾರ್. ಆದರೆ ಕೈಯಲ್ಲಿ ಅವರ ಲೋಟವಿತ್ತು. ಕುರ್ಚಿ ಅವರದು. ಅವರ ಕಾಫಿ ಕುಡಿಯುತ್ತ ಅವರ ಮಾಲು ಹಾಳಾಗಿದೆ ಎಂದರೆ, ಇವನನ್ನು ಒಳಗೆ ಬಿಟ್ಟದ್ದೇ ತಪ್ಪು ಎಂದುಕೊಂಡಾರು. ವೈರು ಕೀಳುತ್ತೇನೆ ಎಂದರೆ ನಿಮ್ಮ ಮಾತು ನಂಬಲಿಲ್ಲ ಎಂದ ಹಾಗೆ. ತಲೆ ಎತ್ತಿ ನಡೆಯಿರಿ ಎಂದು ಸಂಘದ ಕರಪತ್ರ ಕುಟ್ಟಿದ ಕೈ ಪೆನ್ನು ಹಿಡಿಯಿತು.

"ಪರ್ವಾಗಿಲ್ಲ ಸಾರ್" ಎಂದ. ಬ್ಯಾಟರಿಯ ಎದುರು ಸರಿ ಗುರುತು ಹಾಕಿದ.

ಹೊರಗೆ ಬಂದಾಗ ಹನುಮಮ್ಮ ನಲ್ಲಿಯ ಹತ್ತಿರ ಬಗ್ಗಿ ತನ್ನ ಗಾಜಿನ ಲೋಟವನ್ನು ತೊಳೆಯುತ್ತಿದ್ದಳು. ತೊಳೆದು, ಜಗುಲಿಯ ತುದಿಗೆ ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು.

"ಹೆಂಗದೆ?"

"ಚೆನ್ನಾಗದೆ. ಎಲ್ಲಾ ಸರಿ ಅದೆ."

"ವೈರು ಕಿತ್ತು ನೋಡ್ದ್ಯಾ?"

"ಫ್ಲಾಪಿ ಹಾಕಿ ನೋಡ್ದೆ ಅತ್ತೆ. ಸಾಕು."

ಹನುಮಮ್ಮ ಅವನ ಮುಖ ನೋಡಿದಳು. ಅವನು ಮಂಡಿಯ ಮುಂದಿನ ಲಾರಿ ನೋಡಿದ.

"ನಂಗೂ ಒಂಚೂರು ತೋರ್ಸು ಮಾರಾಯ. ಸಂಘಕ್ಕೆ ಹೋಗಿ ನಾನು ಎಂಥ ಹೇಳ್ಲಿ, ಗೋಡೆ ನೋಡಿ ಬಂದೆ ಅನ್ಲಾ? ನಾನಂತೂ ಒಳಗೆ ಬರಹಂಗಿಲ್ಲ. ಅದಕ್ಕೆ ಕಾಲಿಲ್ಲ. ನೀನೇ ಇಲ್ಲಿಗೆ ಎತ್ಕಂಡು ಬಾ."

ಬಾಗಿಲಲ್ಲಿ ನಿಂತಿದ್ದ ಪರಮಶಿವಪ್ಪನವರಿಗೂ ಕೇಳಿಸಿತು. "ತೋರ್ಸಪ್ಪಾ, ಅದಕ್ಕೇನಂತೆ" ಎಂದರು.

ಮಾಸ್ತಪ್ಪನಿಗೆ ಬೇರೆ ದಾರಿ ಇರಲಿಲ್ಲ. ಮತ್ತೆ ಒಳಗೆ ಹೋದ. ಅರ್ಜಿಯ ಕರಡು ಪರದೆಯ ಮೇಲೇ ಇತ್ತು. ತಂತಿ ಕಿತ್ತ. ಎರಡು ಕೈಯಲ್ಲೂ ಹಿಡಿದು, ಹಾಲು ತುಂಬಿದ ಪಾತ್ರೆಯಂತೆ ಹೆಜ್ಜೆ ಇಟ್ಟ. ಹೊಸ್ತಿಲು ದಾಟುವಾಗ ಅದು ಒಮ್ಮೆ ಬೀಪ್ ಎಂದಿತು. ಜಗುಲಿಯ ಮೇಲೆ ಹನುಮಮ್ಮನ ಎದುರಿಗೆ ಇಟ್ಟ.

ಹನುಮಮ್ಮ ಕಣ್ಣು ಕಿರಿದು ಮಾಡಿ, ಪರದೆಗೆ ಬೆರಳು ತಾಗಿಸದೆ, ಗಾಳಿಯಲ್ಲೇ ಸಾಲಿನ ಕೆಳಗೆ ಬೆರಳೋಡಿಸುತ್ತ ಓದತೊಡಗಿದಳು. "ಮಾನ್ಯ... ತಹಶೀಲ್ದಾರ್... ಅವರಿಗೆ. ನಾವು... ಹಿಂದಿನಿಂದಲೂ... ಸಾಗುವಳಿ..."

ಮತ್ತೊಂದು ಬೀಪ್. ಪರದೆ ಕಪ್ಪಾಯಿತು.

ಅವಳ ಬೆರಳು ಅಲ್ಲೇ ನಿಂತಿತು. ಕಪ್ಪು ಗಾಜಿನಲ್ಲಿ ಈಗ ಅವಳ ಮುಖ, ಹಿಂದೆ ಮಾಸ್ತಪ್ಪನ ಮುಖ, ಅದರ ಹಿಂದೆ ಬಿಳಿ ಪಂಚೆ.

"ಅರೆ!" ಪರಮಶಿವಪ್ಪನವರು ನಿಜಕ್ಕೂ ಬೆರಗಾದರು. "ನಾವು ಈಗೊಂದು ವರ್ಷದಿಂದ ವೈರು ಹಾಕ್ಕೊಂಡೇ ಬಳಸಿದ್ವಿ ನೋಡು, ಗೊತ್ತೇ ಆಗಿಲ್ಲ. ಏನಪ್ಪಾ, ಸರಿ ಐತೆ ಅಂದ್ಯಲ್ಲೋ ಈಗ?"

ಮಾಸ್ತಪ್ಪ ಮುಚ್ಚಳ ಮುಚ್ಚಿದ. ದೂರಲು ಅವನಿಗೆ ಒಬ್ಬ ಕಳ್ಳ ಬೇಕಾಗಿತ್ತು. ಎದುರಿಗಿದ್ದವರು ಕಳ್ಳರಾಗಿರಲಿಲ್ಲ. ಅವರು ಬರೀ ಒಳಗೆ ಒಂದು ಲೋಟ ಕೊಟ್ಟಿದ್ದರು, ಹೊರಗೆ ಇನ್ನೊಂದು ಲೋಟ ಕೊಟ್ಟಿದ್ದರು.

"ಇದು ನಮಗೆ ಆಗಲ್ಲ ಸ್ವಾಮಿ" ಎಂದಳು ಹನುಮಮ್ಮ, ಎದ್ದು ನಿಂತು. "ನಾವು ಹೋಗೋ ಕಡೆ ಗೋಡೆಯಾಗೆ ಪ್ಲಗ್ಗಿಲ್ಲ. ಗೋಡೆಯೇ ಇಲ್ಲ ಎಷ್ಟೋ ಕಡೆ. ಬರ್ತೀವಿ." ಆಮೇಲೆ ಒಂದು ಮಾತು ಸೇರಿಸಿದಳು: "ಇವನು ನನ್ನ ಅಣ್ಣನ ಮಗ. ಕೆಲಸ ಚೆನ್ನಾಗಿ ಕಲ್ತಾನೆ."

ಅಂದರೆ ಅವಳು ಎಲ್ಲ ಕೇಳಿಸಿಕೊಂಡಿದ್ದಳು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಹನುಮಮ್ಮ ಕೈ ಚಾಚಿದಳು. "ಪಟ್ಟಿ ಕೊಡು."

ಕೊಟ್ಟ. ಅವಳು ಮೇಲಿಂದ ಓದಿದಳು. ಕೀಲು, ಪರದೆ, ಕೀಲಿಮಣೆ, ಫ್ಲಾಪಿ. ಕೊನೆಯ ಸಾಲಿನಲ್ಲಿ ನಿಂತಳು.

"ಬ್ಯಾಟ್ರಿ. ಸರಿ ಅಂತ ಹಾಕಿದೀಯ. ಫ್ಲಾಪಿ ತಪ್ಪು ಹೇಳ್ತಾ?"

"ಇಲ್ಲ. ಫ್ಲಾಪಿ ಸರಿಯಾಗೇ ಹೇಳ್ತು."

"ಮತ್ತೆ?"

ಲೋಟ ಎನ್ನಲು ಹೋದ. ಕಣ್ಣು ತುಂಬಿ ಬಂತು, ಅಳುವುದಕ್ಕೂ ನಾಚಿಕೆಯಾಯಿತು.

ಹನುಮಮ್ಮ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದ. ಪಟ್ಟಿಯನ್ನು ಮಡಚಿ ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡು, "ಬಸ್ಸು ಬಂತು, ಏಳು" ಎಂದಳಷ್ಟೇ.

ಭಾನುವಾರ ಓದುಗೂಟ ಸೇರಿದಾಗ ಆ ಪಟ್ಟಿಯನ್ನು ಅವನ ಕೈಗೇ ಕೊಟ್ಟಳು. "ಓದು. ಯಾಕೆ ಹಾಕ್ದೆ ಅಂತನೂ ಹೇಳು."

ಮೂವತ್ತು ಜನ ಚಾಪೆಯ ಮೇಲೆ ಕೂತಿದ್ದರು. ಹಿನ್ನೀರಿನ ಆಚೆಯಿಂದ ಪುಟ್ಟಪ್ಪನೂ ಬಂದಿದ್ದ, ಅಪ್ಪನ ಹೆಸರು ತಪ್ಪಿದ್ದಕ್ಕೆ ಅರ್ಜಿ ಕಳೆದುಕೊಂಡವನು. ಮಾಸ್ತಪ್ಪ ಎದ್ದು ನಿಂತ. ಕೀಲಿನಿಂದ ಶುರು ಮಾಡಿದ. ಕೊನೆಯ ಸಾಲಿಗೆ ಬಂದ. ಕಾಫಿಯದನ್ನು ಹೇಳಿದ. ಲೋಟದ್ದನ್ನು ಹೇಳಿದ. "ಸಂಘದೋರು" ಅಂದದ್ದನ್ನು ಹೇಳುವಾಗ ಅತ್ತೆಯ ಕಡೆ ನೋಡಲಾಗದೆ ಚಾಪೆಯ ಅಂಚು ನೋಡಿದ.

ಯಾರೂ ನಗಲಿಲ್ಲ. ಪುಟ್ಟಪ್ಪ ಕೇಳಿದ: "ಹಂಗಾದ್ರೆ ನಮ್ಮ ಅರ್ಜಿ?"

"ಕೈಯಾಗೇ ಬರೀತೀನಿ. ನಾಳೆಯಿಂದಲೇ ಬರ್ತೀನಿ" ಎಂದ ಮಾಸ್ತಪ್ಪ. "ಒಂದೊಂದೂ ನಿಮಗೆ ಓದಿ ತೋರ್ಸ್ತೀನಿ."

"ಓದೋದು ನೀನಲ್ಲ" ಎಂದಳು ಹನುಮಮ್ಮ. "ನೀನು ಬರಿ. ಓದೋಕೆ ನಾನೂ ಬರ್ತೀನಿ."

ಅವನು ಪಟ್ಟಿಯ ಕೊನೆಯ ಗುರುತನ್ನು ಅಲ್ಲೇ ಹೊಡೆದು ಹಾಕಿದ. ಹೊಡೆದ ಗೆರೆಯ ಅಡಿಯಲ್ಲಿ ಸರಿ ಗುರುತು ಮಾತ್ರ ಹಾಗೇ ಕಾಣುತ್ತಿತ್ತು.