ಎರಡು ಹಾಡುಗಳ ನಡುವಿನ ಐದು ಸೆಕೆಂಡು

ಈ ಪರದೇಶದ ಊರಿನಲ್ಲಿ ಅಂಗಡಿಗಳಿಗೆ ಹಿನ್ನೆಲೆ ಸಂಗೀತ ಹೊಂದಿಸಿಕೊಡುವುದು ನನ್ನ ಕೆಲಸ. ಶಾಮ್‌ಬರ್ಗ್‌ನ ಯಾವ ಪಾರ್ಟಿಯಲ್ಲಿ ಹೀಗೆಂದರೂ ಎದುರಿನವರು ಪಾಪ ಎಂಬಂತೆ ನೋಡಿ, ತಮ್ಮ ಕಂಪನಿಯಲ್ಲಿ ಕೆಲಸ ಖಾಲಿಯಿದೆ, ರೆಸ್ಯೂಮೆ ಕಳಿಸಿ ಅನ್ನುತ್ತಾರೆ. ನಾನು ಕಳಿಸುವುದಿಲ್ಲ. ಸಂಗೀತ ಚೆನ್ನಾಗಿ ಹೊಂದಿದ ಅಂಗಡಿಯಲ್ಲಿ ಅದು ಇದೆಯೆಂದೇ ಯಾರಿಗೂ ತಿಳಿಯುವುದಿಲ್ಲ. ಇಂಥ ಕೆಲಸಕ್ಕೆ ಹೊಗಳಿಕೆ ಸಿಗದೆಂದು ಎಂದೋ ಒಪ್ಪಿಕೊಂಡಿದ್ದೇನೆ.

ಫೆಬ್ರವರಿಯಲ್ಲಿ ಸಾಲೇಹಾ ಫೋನ್ ಮಾಡಿದರು. ಗದಗದವರು. ಗಾಲ್ಫ್ ರೋಡಿನ ಸಾಲಂಗಡಿಗಳ ಸ್ಟ್ರಿಪ್ ಮಾಲ್‌ನಲ್ಲಿ ಮದುವೆ ಬಟ್ಟೆಯ ಅಂಗಡಿ ಇಟ್ಟಿದ್ದಾರೆ. ಮುಂದೆ ಲೆಹೆಂಗಾ, ಸೀರೆ, ಶೇರ್ವಾನಿ. ಹಿಂದೆ ಪರದೆಯ ಆಚೆ ಹೊಲಿಗೆಯ ಜಾಗ. ಅಲ್ಲಿ ಅವರ ತಂಗಿ ಹಾದಿಯಾ ಕೂರುತ್ತಿದ್ದಳು. ಕಳೆದ ಅಕ್ಟೋಬರಿನಲ್ಲಿ ಅವಳು ತೀರಿಕೊಂಡಳೆಂದು ನನಗೆ ಗೊತ್ತಿತ್ತು. ಒಮ್ಮೆ ನನ್ನ ರವಿಕೆಯನ್ನೂ ಬಿಗಿ ಮಾಡಿಕೊಟ್ಟಿದ್ದಳು.

"ಹಾಡು ಮುಗದ ಮ್ಯಾಲೆ ಇನ್ನೊಂದು ಶುರು ಆಗೂತನಕ ಸುಮ್ಮ ಆಗ್ತದಲ್ರೀ, ಅದು ಬ್ಯಾಡ ನನಗ," ಎಂದರು ಸಾಲೇಹಾ. "ಒಂದು ಕ್ಷಣಾನೂ ಅಂಗಡಿ ಸುಮ್ಮ ಇರಬಾರದು. ಮಾಡಿ ಕೊಡ್ರಿ. ಇಲ್ಲಾಂದ್ರ ನಾ ಮುಂದಿನ ತಿಂಗಳು ಲೀಸ್ ರಿನ್ಯೂ ಮಾಡಂಗಿಲ್ಲ."

ಒಂದು ಹಾಡಿನ ಸಂದಿಗೆ ಅಂಗಡಿಯನ್ನೇ ಮುಚ್ಚುವ ಮಾತೇ ಎಂದು ನನಗೆ ನಗು ಬಂತು. ನಗಲಿಲ್ಲ, ಗಿರಾಕಿ ಗಿರಾಕಿಯೇ.

ಅವರ ಪಟ್ಟಿಯಲ್ಲಿ ಕೊಳಲು, ಸಂತೂರ್, ಸಿತಾರ್, ಎಲ್ಲ ವಾದ್ಯ ಸಂಗೀತವೇ. ಆದರೆ ಒಂದೊಂದು ಹಾಡು ಒಂದೊಂದು ಕಾಲದ್ದು. ಹಳೆಯ ಕೊಳಲು ಪಿಸುಗುಟ್ಟಿದರೆ ಹೊಸ ಸಿತಾರ್ ಕಿವಿ ಹರಿಯುತ್ತಿತ್ತು. ಪ್ರತಿ ಹಾಡೂ ಉದ್ದಕ್ಕೂ ಸರಾಸರಿ ಎಷ್ಟು ಜೋರಾಗಿ ಕೇಳುತ್ತದೆಂದು ಅಳೆದೆ. ಜೋರಾದವನ್ನು ಇಳಿಸಿ, ಮೆತ್ತಗಿನವನ್ನು ಸದ್ದು ಒಡೆದು ಕರಕರ ಅನ್ನದಷ್ಟು ಮಾತ್ರ ಏರಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದೆ. ಕೊನೆಯಲ್ಲಿದ್ದ ಖಾಲಿ ಭಾಗಗಳನ್ನು ಕತ್ತರಿಸಿದೆ. ಇಲ್ಲದಿದ್ದರೆ ಹೊಸ ಹಾಡು ಮೌನದ ಮೇಲೆ ಬೆರೆಯುತ್ತದೆ, ಬೆರೆತಂತೆ ಕೇಳುವುದೇ ಇಲ್ಲ. ಆಮೇಲೆ ಒಂದು ಹಾಡು ಇಳಿಯುವಾಗಲೇ ಇನ್ನೊಂದು ಏಳುವಂತೆ ಆರು ಸೆಕೆಂಡಿನ ಬೆಸುಗೆ ಹಾಕಿದೆ. ಎರಡನ್ನೂ ನೇರ ಗೆರೆಯಲ್ಲಿ ಇಳಿಸಿ ಏರಿಸಿದರೆ ನಡುವೆ ಸದ್ದು ಕುಸಿದುಬಿಡುತ್ತದೆ. ಹಾಗಾಗಿ ಏರಿಳಿತವನ್ನು ಬಾಗಿಸಿ, ನಡುವಿನಲ್ಲೂ ಒಟ್ಟು ಶಕ್ತಿ ಅಷ್ಟೇ ಇರುವಂತೆ ನೋಡಿಕೊಂಡೆ. ಬೆಳಗಿನಿಂದ ಸಂಜೆವರೆಗೆ ಒಂದೇ ನದಿ ಹರಿದ ಹಾಗೆ ಇತ್ತು. ಚೆನ್ನಾಗಿ ಮಾಡಿದ್ದೆ, ನನಗೆ ಜಂಬವೂ ಬಂದಿತ್ತು.

ಎರಡೇ ದಿನಕ್ಕೆ ಮತ್ತೆ ಫೋನ್ ಬಂತು. "ಮಧ್ಯಾಹ್ನ ಆಗೂದ್ರಾಗ ಮದುವಿ ಬ್ಯಾಂಡ್ ಬಂದಂಗ ಆಗ್ತದ್ರೀ. ನಾ ವಾಲ್ಯೂಮ್ ಗುಂಡಿ ಮುಟ್ಟಿಲ್ಲ."

ಜಂಬ ಇಳಿಯಿತು. ಹೋಗಿ ನೋಡಿದರೆ ಚಾವಣಿಯಲ್ಲಿ, ಹೊಲಿಗೆಯ ಪರದೆಯ ಹತ್ತಿರ, ಒಂದು ಪುಟ್ಟ ಮೈಕ್. ಹಳೆಯ ಬಾಡಿಗೆದಾರರು ಹಾಕಿಸಿದ್ದ ಪೆಟ್ಟಿಗೆಯೊಂದಕ್ಕೆ ಸೇರಿತ್ತು. ಅಂಗಡಿಯಲ್ಲಿ ಜನ ಹೆಚ್ಚಾದರೆ ಸಂಗೀತವನ್ನು ತಾನೇ ಏರಿಸುವ, ಕಡಿಮೆಯಾದರೆ ಇಳಿಸುವ ಪೆಟ್ಟಿಗೆ ಅದು. ಹಾಡು ನುಡಿಯುತ್ತಿರುವಾಗ ಜನರ ಗಲಾಟೆ ಯಾವುದು, ಹಾಡು ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಎರಡು ಹಾಡುಗಳ ನಡುವಿನ ಮೌನದಲ್ಲಿ ಕಿವಿಗೊಟ್ಟು ಅಳೆಯುತ್ತದೆ. ನಾನು ಆ ಮೌನವನ್ನೇ ತೆಗೆದುಬಿಟ್ಟಿದ್ದೆ. ಕಾದು ಕಾದು ಅದು ಹಾಡನ್ನೇ ಗಲಾಟೆ ಅಂದುಕೊಂಡು ಏರಿಸಿತು, ಏರಿದ ಹಾಡು ಇನ್ನೂ ದೊಡ್ಡ ಗಲಾಟೆಯಾಗಿ ಕೇಳಿತು, ಮತ್ತೆ ಏರಿಸಿತು.

"ಕಾಲು ಗಂಟೆಗೊಂದ್ಸಲ ಐದು ಸೆಕೆಂಡ್ ಗ್ಯಾಪ್ ಕೊಡ್ತೀನಿ. ಅದಕ್ಕೆ ಕೇಳಿಸ್ಕೊಳ್ಳೋಕೆ ಅಷ್ಟು ಸಾಕು," ಎಂದೆ.

"ಬ್ಯಾಡ."

"ಐದೇ ಸೆಕೆಂಡ್ ಕಣ್ರೀ, ಯಾರಿಗೂ ಗೊತ್ತಾಗಲ್ಲ."

"ನನಗ ಗೊತ್ತಾಗ್ತದಲ್ಲ." ಸಾಲೇಹಾ ಮಡಿಸಿದ ದುಪಟ್ಟಾವನ್ನೇ ಮತ್ತೆ ಮಡಿಸುತ್ತಿದ್ದರು. "ಗಿರಾಕಿಗೋಳು ಸೈತ ಹಾಡು ನಿಂತ ಕೂಡ್ಲೆ ಹಿಂದ ತಿರಗಿ ಪರದೆ ನೋಡ್ತಾರ್ರೀ. ಯಾಕ್ ನೋಡಿದ್ರಿ ಅಂತ ಕೇಳಿದ್ರ ಅವರಿಗೇ ಗೊತ್ತಿರಂಗಿಲ್ಲ."

ಪೆಟ್ಟಿಗೆಯನ್ನು ಕಿತ್ತುಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನದು ಹಠದ ಸ್ವಭಾವ. ಯಂತ್ರ ತಪ್ಪಿಲ್ಲದಿದ್ದರೆ ಯಂತ್ರವನ್ನು ಬೈಯುವುದು ನನ್ನಿಂದಾಗದು. ಮಾರನೆಯ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲೇ ಲ್ಯಾಪ್‌ಟಾಪ್ ಹಿಡಿದು ಹೋದೆ. ಪೆಟ್ಟಿಗೆಗೆ ಖಾಲಿ ಅಂಗಡಿ ಹೇಗಿರುತ್ತದೆಂದು ಕಲಿಸಬೇಕಿತ್ತು. ಹೊರಗೆ ಬಿಸಿಲು, ಪಾರ್ಕಿಂಗ್ ಲಾಟಿನಲ್ಲಿ ಕೊಳೆಯಾದ ಹಿಮದ ಗುಡ್ಡೆ. ಹೀಟರ್ ನಿಲ್ಲಿಸಿ, ಸಂಗೀತ ನಿಲ್ಲಿಸಿ ಇಬ್ಬರೂ ಉಸಿರು ಬಿಗಿಹಿಡಿದೆವು. ಪೆಟ್ಟಿಗೆಯ ಪುಟ್ಟ ಸ್ಕ್ರೀನಿನಲ್ಲಿ ಮೈಕಿನ ಸದ್ದು ತೋರಿಸುವ ಹಸಿರು ಪಟ್ಟಿ ತಳದಲ್ಲಿ ಮಲಗಿತ್ತು. ಇದೇ ಖಾಲಿ ಎಂದು ಗುರುತು ಹಾಕಿದೆ.

ಆಮೇಲೆ ಇದೊಂದು ಸಲ ನೋಡೋಣವೆಂದು ಅವರನ್ನು ಒಪ್ಪಿಸಿ, ಗ್ಯಾಪ್ ಇಟ್ಟ ಸಂಗೀತ ಹಾಕಿ, ದಿನವೂ ಇರುವಷ್ಟೇ ಜೋರಿಟ್ಟು, ಗ್ಯಾಪ್ ಬರಲು ಕಾದೆ. ಕೊಳಲು ಇಳಿದು ನಿಂತಿತು. ಹಸಿರು ಪಟ್ಟಿ ತಳಕ್ಕೆ ಬಂದು, ಚಿಮ್ಮಿ ಎದ್ದಿತು. ಇಳಿಯಿತು. ಎದ್ದಿತು. ಇಳಿಯಿತು. ಮತ್ತೊಮ್ಮೆ ಎದ್ದಿತು. ಸಂತೂರ್ ಶುರುವಾಯಿತು.

ನನ್ನ ಕಿವಿಗೆ ಏನೂ ಕೇಳಿಸಿರಲಿಲ್ಲ. ಕೇಬಲ್ ಸಡಿಲವಿರಬೇಕೆಂದು ಬಿಗಿ ಮಾಡಿದೆ. ಮುಂದಿನ ಗ್ಯಾಪಿನಲ್ಲಿ ಮತ್ತೆ ಮೂರು. ಪಕ್ಕದ ದಂತವೈದ್ಯರ ಯಂತ್ರವೋ ಎಂದು ಗೋಡೆಗೆ ಕಿವಿಯಿಟ್ಟು ನೋಡಿದೆ; ಅವರೂ ಇನ್ನೂ ಬಾಗಿಲು ತೆಗೆದಿರಲಿಲ್ಲ. ಕೊನೆಗೆ ಆ ಮೈಕನ್ನು ಬಿಟ್ಟು, ಬ್ಯಾಗಿನಲ್ಲಿದ್ದ ನನ್ನದೇ ಅಳತೆಯ ಮೀಟರನ್ನು ಹೊಲಿಗೆಯ ಮೇಜಿನ ಮೇಲಿಟ್ಟೆ. ಅದು ಯಾವ ಪೆಟ್ಟಿಗೆಗೂ ಸೇರಿದ್ದಲ್ಲ. ಗ್ಯಾಪ್ ಬಂತು. ಅದರ ಅಂಕಿಯೂ ಮೂರು ಸಲ ಎದ್ದು ಮೂರು ಸಲ ಬಿತ್ತು. ಹದಿನೈದು ವರ್ಷ ಸದ್ದನ್ನು ಅಳೆದಿದ್ದೇನೆ. ಮೀಟರಿಗೆ ಕೇಳಿಸಿ ನನಗೆ ಕೇಳಿಸದ ಸದ್ದಿಗೆ ಹೆದರಿದ್ದು ಅದೇ ಮೊದಲು.

ಸಾಲೇಹಾ ಹೆದರಿರಲಿಲ್ಲ. ಮೀಟರನ್ನೇ ನೋಡುತ್ತಾ ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತರು.

"ನನಗ ಮೊದಲಿಂದ ಕೇಳಸ್ತಿತ್ರೀ. ತಲಿ ಕೆಟ್ಟದ ಅಂದ್ಕೊಂಡಿದ್ದೆ," ಎಂದರು. "ಕತ್ರಿ ಹಿಡಿ ತಗೊಂಡು ಮೇಜು ಬಡೀತಿದ್ಲು ಆಕಿ. ಹಿಂಗ, ಮೂರು ಸರ್ತಿ. ತಲ್ಯಾಗ ಗಡ್ಡಿ ಆದ ಮ್ಯಾಲೆ ಕೂಗಾಕ ಆಗ್ತಿರಲಿಲ್ಲ. ಆಪಾ, ಹಾಡು ಸಣ್ಣ ಮಾಡು ಅಂತ ಅರ್ಥ."

"ಮಾಡ್ತಿದ್ರಲ್ಲ?"

ಅವರು ತಡವಾಗಿ ತಲೆಯಾಡಿಸಿದರು, ಇಲ್ಲವೆಂದು. "ಮುಂದ ಗಿರಾಕಿ ಇರ್ತಿದ್ರು. ಆತು ಆತು ಅಂತ ಕೈ ಮಾಡಿ ಬಿಡ್ತಿದ್ದೆ. ಅಂಗಡಿ ಭಣಭಣ ಅನ್ನಬಾರದಲ್ರೀ."

ಸಾಲೇಹಾ ಎದ್ದು ಹೋಗಿ ಗುಂಡಿಯನ್ನು ಸ್ವಲ್ಪ ತಿರುಗಿಸಿದರು. ಗ್ಯಾಪನ್ನು ನಾನು ಬೇಗ ಬೇಗ ಬರುವಂತೆ ಮಾಡಿದೆ. ಪಟ್ಟಿ ಮತ್ತೆ ಮೂರು ಸಲ ಎದ್ದಿತು, ಈ ಸಲ ಗಿಡ್ಡಗೆ. ಇನ್ನೂ ಇಳಿಸಿದರು. ಇನ್ನೂ ಗಿಡ್ಡ. ಕೊಳಲು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದಾದಾಗ ಪಟ್ಟಿ ತಳದಲ್ಲೇ ಮಲಗಿತು. ನಾವು ಹಾಗೇ ಎರಡು ಗ್ಯಾಪ್ ಕಾದೆವು. ಏನೂ ಏಳಲಿಲ್ಲ.

"ಈಗ ಆರಾಮ ಅನಸ್ತದ ಆಕಿಗೆ," ಎಂದು ಸಾಲೇಹಾ ಅತ್ತರು. ಆ ಮಟ್ಟಕ್ಕೇ ಎಲ್ಲವನ್ನೂ ಕಟ್ಟಿ, ಜನ ಬಂದರೆ ತೀರಾ ಸ್ವಲ್ಪ ಮಾತ್ರ ಏರುವಂತೆ ಮಿತಿ ಹಾಕಿ, ಗ್ಯಾಪ್ ಬಿಟ್ಟು ಬಂದೆ. ಅವರು ಲೀಸ್ ರಿನ್ಯೂ ಮಾಡಿದರು. ಗಿರಾಕಿಗಳು ತಿರುಗಿ ನೋಡುವುದೂ ನಿಂತಿತಂತೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಾನು ಸಂಗೀತ ಹೊಂದಿಸಿದ ಅಂಗಡಿಗಳ ಸದ್ದನ್ನು ಮನೆಯಿಂದಲೇ ಗೆರೆಯಾಗಿ ನೋಡುವ ವ್ಯವಸ್ಥೆ ನನ್ನ ಹತ್ತಿರ ಇದೆ. ಏಪ್ರಿಲ್ ಹೊತ್ತಿಗೆ ಸಾಲೇಹಾ ಅವರ ಗೆರೆಯಲ್ಲಿ ಒಂದು ವಿಚಿತ್ರ ಕಾಣಿಸಿತು. ದಿನವೂ ಬಾಗಿಲು ತೆಗೆಯುವ ಮೊದಲು ಯಾರೋ ಕೈಯಿಂದ ಸಂಗೀತವನ್ನು ಜೋರು ಮಾಡುತ್ತಿದ್ದರು. ಗ್ಯಾಪ್ ಬರುತ್ತಿತ್ತು, ಮೂರು ಗುರುತು ಬೀಳುತ್ತಿತ್ತು. ತಕ್ಷಣ ಸಂಗೀತ ಇಳಿಯುತ್ತಿತ್ತು.

ಅರ್ಥವಾದಾಗ ನನಗೆ ಮೈ ಉರಿಯಿತು. ಸತ್ತವಳ ತಲೆ ನೋಯಿಸಿ ಅವಳನ್ನು ಕರೆಯುತ್ತಿದ್ದರು ಸಾಲೇಹಾ. ಆ ಗುಂಡಿಯನ್ನು ಇಲ್ಲಿಂದಲೇ ಲಾಕ್ ಮಾಡಬಹುದಿತ್ತು. ಬೆರಳನ್ನು ಲಾಕ್ ಬಟನ್ ಮೇಲಿಟ್ಟು, ಅವರಿಗೆ ಅದೊಂದೇ ಮಾತು ಉಳಿದಿರುವುದು ಎಂದುಕೊಂಡು ತೆಗೆದೆ. ಹೀಗೆ ಎಷ್ಟೋ ಬೆಳಿಗ್ಗೆ ಕಳೆದವು. ಬರಬರುತ್ತಾ ಗುರುತುಗಳು ಗಿಡ್ಡವಾದವು. ಅವರು ಸಂಗೀತವನ್ನು ಇನ್ನೂ ಏರಿಸಿದರು. ಮೇ ತಿಂಗಳಲ್ಲಿ ಮೂರರ ಜಾಗದಲ್ಲಿ ಎರಡು ಬಿದ್ದವು.

ಆ ತಿಂಗಳ ಒಂದು ಮಂಗಳವಾರ ಅವರದೇ ಫೋನ್. ಹಿಂದೆ ಸಿತಾರ್ ಅರಚುತ್ತಿತ್ತು. "ನಿಮ್ಮ ಪೆಟಗಿ ಕೆಟ್ಟೈತ್ರೀ, ತೇಜಸ್ವಿನಿಯವ್ರ. ಏನೂ ತೋರಸವಲ್ದು. ಬಂದು ನೋಡ್ರಿ."

ಹೋದೆ. ಅಂಗಡಿ ತೆಗೆಯುವ ಹೊತ್ತಾಗಿದ್ದರೂ ಬಾಗಿಲಿನ 'ಓಪನ್' ಬೋರ್ಡು ತಿರುಗಿಸಿರಲಿಲ್ಲ. ಗಾಜು ನಡುಗುವಷ್ಟು ಜೋರಾಗಿ ಸಂಗೀತ. ಸಾಲೇಹಾ ಪರದೆಯ ಆಚೆ ತಂಗಿಯ ಕುರ್ಚಿಯಲ್ಲಿ ಕುಳಿತಿದ್ದರು, ಮೇಜಿನ ಮೇಲೆ ಎರಡೂ ಅಂಗೈ ಊರಿಕೊಂಡು. ಹಾಡು ನಿಂತು ಐದು ಸೆಕೆಂಡು ಬಂತು. ಹಸಿರು ಪಟ್ಟಿ ತಳದಲ್ಲಿ ಮಲಗಿತ್ತು.

ನಾನು ಕೇಬಲ್ ನೋಡಿದೆ, ಮೈಕಿನ ಹತ್ತಿರ ಚಪ್ಪಾಳೆ ತಟ್ಟಿದೆ. ಪಟ್ಟಿ ಎದ್ದಿತು, ಇಳಿಯಿತು. ಮತ್ತೆ ತಟ್ಟಿದೆ. ಮತ್ತೆ ಎದ್ದಿತು. ಅವರು ಮಗುವಿನಂತೆ ನನ್ನ ಮುಖ ನೋಡುತ್ತಿದ್ದರು. ಕೆಟ್ಟಿದೆ, ಹೊಸದು ತರಿಸೋಣ ಎಂದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು.

ಹೋಗಿ ಸಂಗೀತವನ್ನು ಇಳಿಸಿ ಬಂದು ಅವರ ಪಕ್ಕದಲ್ಲಿ ಕುಳಿತೆ.

"ಪೆಟ್ಟಿಗೆ ಸರಿಯಾಗಿದೆ ಸಾಲೇಹಾ," ಎಂದೆ.