ಅಕ್ಷರ ಕೇಳಿ ನಿಲ್ಲುವ ಮ್ಯಾಕ್ರೊ

ಕಂಪ್ಲಿಯ ಅಕ್ಕಿ ಗಿರಣಿಯ ಆಫೀಸಿಗೆ ಸೊಸೆ ಗಂಗಾಂಬಿಕಾ ಬಂದು ಇನ್ನೂ ತಿಂಗಳಾಗಿರಲಿಲ್ಲ. ಅಡುಗೆಮನೆಯಿಂದ ಇಲ್ಲಿಯವರೆಗೆ ಬರಲು ಪಟ್ಟ ಪಾಡು ಅವಳಿಗೇ ಗೊತ್ತು. ಅಷ್ಟರಲ್ಲೇ ವಾಪಸು ಹೋಗುವ ಮಾತು ಬಂದಿತ್ತು. ಅದಿರು ಹೊತ್ತರೆ ಕೈತುಂಬ ಬಾಡಿಗೆ ಸಿಗುವ ಕಾಲ, ಲಾರಿಗಳೆಲ್ಲ ಸಂಡೂರಿನ ಗಣಿಗಳ ದಾರಿ ಹಿಡಿದಿದ್ದವು. ಅಕ್ಕಿಗೆ ಸಿಕ್ಕ ಲಾರಿಯೂ ಸರ್ಕಾರದ ಪೋರ್ಟಲ್‌ನಲ್ಲಿ ಫಾರಂ ತುಂಬಿ ಸಾಗಣೆ ಪಾಸು ತೆಗೆಯುವ ತನಕ ಕಾಯಬೇಕು. ಇವತ್ತೂ ಡ್ರೈವರ್ ಬೇಸತ್ತು ಹೊರಟುಹೋದರೆ ಈ ಕೆಲಸ ಹೊಸಪೇಟೆಯ ಅಕೌಂಟೆಂಟ್ ಉಜ್ಜಿನಪ್ಪನವರಿಗೆ ಎಂದು ಮಾವ ಶಂಭುಲಿಂಗಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದರು.

ಅದಕ್ಕೇ ಅವಳು ಎಕ್ಸೆಲ್‌ನಲ್ಲಿ ಒಂದು ಮ್ಯಾಕ್ರೊ, ಅಂದರೆ ತಾನೇ ಓಡುವ ಪುಟ್ಟ ಪ್ರೋಗ್ರಾಂ, ಬರೆದಿದ್ದಳು. ಹಾಳೆಯಲ್ಲಿರುವ ವ್ಯಾಪಾರಿಯ ಹೆಸರು, ಲಾರಿ ನಂಬರು, ಮೂಟೆ ಲೆಕ್ಕವನ್ನು ಅದು ಪಟಪಟನೆ ಫಾರಂಗೆ ತುಂಬುತ್ತಿತ್ತು. ಸೊಟ್ಟಂಪಟ್ಟ ಅಕ್ಷರಗಳ ಚಿತ್ರ ಬಂದ ಕಡೆ ಮಾತ್ರ ನಿಂತು, ‘ಅಕ್ಷರ ಹೊಡೆದು ಓಕೆ ಒತ್ತಿ’ ಎಂದು ಕಾಯುತ್ತಿತ್ತು.

“ಇಷ್ಟೆಲ್ಲ ಮಾಡತೈತಿ, ಆ ನಾಕಕ್ಷರ ಓದಾಕ ಏನ್ ರೋಗ ಅದಕ್ಕ?” ಎಂದರು ಮಾವ.

“ಕಂಪ್ಯೂಟರ್ ಮುಂದ ಮನಷ್ಯಾರು ಕುಂತಾರೋ ಇಲ್ಲೋ ಅಂತ ಸರ್ಕಾರ ಕೇಳಾದು, ಮಾವಾರ. ಅದನ್ನ ನಾವ ಓದಬೇಕು. ಅದಕ್ಕ ನಿಲ್ಲಸೀನಿ.”

“ಅರ್ಧ ಮಷಿನ್ನು ಬಿಡು ಇದು.”

ಹೊರಗೆ ಲಾರಿಯ ಹಾರನ್ ಒಂದೇ ಸಮನೆ ಕೂಗುತ್ತಿತ್ತು. ಮ್ಯಾಕ್ರೊ ಓಡಿತು, ತುಂಬಿತು, ನಿಂತಿತು. ಗಂಗಾಂಬಿಕಾ ಅವಸರದಲ್ಲಿ ಅಕ್ಷರ ಹೊಡೆದು ಓಕೆ ಒತ್ತಲು ಕೈ ಚಾಚಿದಳು.

“ತಡಿಯವ್ವ!” ಮಾವ ಕನ್ನಡಕ ಏರಿಸಿದರು. ಅವರಿಗೆ ಕಾಗದ ಯಾವುದೇ ಇರಲಿ, ಮೇಲಿನಿಂದ ಓದುವ ಚಾಳಿ. “ವ್ಯಾಪಾರಿ ಹೆಸರು ಇರಾ ಜಾಗದಾಗ ‘ವ್ಯಾಪಾರಿ ಹೆಸರು’ ಅಂತನ ಐತಲ್ಲ!”

ಗಂಗಾಂಬಿಕಾ ಕ್ಯಾನ್ಸಲ್ ಒತ್ತಿ ಹಾಳೆ ನೋಡಿದಳು. ಎಲ್ಲಕ್ಕಿಂತ ಮೇಲೆ ಹೊಸದೊಂದು ಸಾಲು ಸೇರಿ, ಅದರಲ್ಲಿ ‘ಶ್ರೀ’ ಎಂದಿತ್ತು. ತಲೆಬರಹ ಒಂದು ಸಾಲು ಕೆಳಗೆ ಜಾರಿ, ಎರಡನೇ ಸಾಲಿನಿಂದ ಓದುವ ಮ್ಯಾಕ್ರೊ ಅದನ್ನೇ ಲಾರಿ ಲೋಡಿನ ವಿವರವೆಂದು ತಿಳಿದಿತ್ತು.

“ನಾನ ಬರದಿದ್ನವ್ವ ಬೆಳಿಗ್ಗೆ,” ಮಾವನ ದನಿ ಕುಗ್ಗಿತು. “ಶ್ರೀಕಾರ ಇಲ್ದ ಲೆಕ್ಕ ಹೆಂಗ ಸುರು ಮಾಡಾದು?”

ಆ ಸಾಲು ಅಳಿಸುವುದು ಕ್ಷಣದ ಕೆಲಸ. ಅವಳಿಗೆ ಮನಸ್ಸಾಗಲಿಲ್ಲ. “ಇರಲಿ ಬಿಡ್ರಿ. ತಲೆಬರಹ ಎಲ್ಲೈತಿ ಅಂತ ಹುಡುಕಿ, ಅದರ ಕೆಳಗಿಂದ ಸುರು ಮಾಡಂಗ ನಾನ ಬರೀಬೇಕಿತ್ತು,” ಎಂದು ಮ್ಯಾಕ್ರೊವನ್ನೇ ತಿದ್ದಿದಳು.

ಫಾರಂ ಮತ್ತೆ ತೆರೆಯಿತು, ಹೊಸ ಅಕ್ಷರಗಳು ಬಂದವು. ಈ ಸಲ ಇಬ್ಬರೂ ಸಾಲುಸಾಲಾಗಿ ಓದಿದರು. ಮಾವ ಒಂದೊಂದೇ ಅಕ್ಷರ ಹೇಳಿದರು, ಅವಳು ಹೊಡೆದಳು. ಪಾಸು ಪ್ರಿಂಟಾಯಿತು. ಡ್ರೈವರ್ ಗೊಣಗುತ್ತಲೇ ಲಾರಿ ಹೊರಡಿಸಿದ.

ಮಾವ ಫೋನೆತ್ತಿಕೊಂಡರು. ಗಂಗಾಂಬಿಕಾ ಕೆಲಸ ಬಿಟ್ಟು ಅತ್ತಲೇ ಕಿವಿಗೊಟ್ಟಳು.

“ಉಜ್ಜಿನಪ್ಪಾರ, ನೀವು ಬರಾದು ಬ್ಯಾಡ್ರಿ. ನಮ್ಮನ್ಯಾಗ ಆಕಿ ಅದಾಳ. ಆಕಿ ಮಷಿನ್ನು ಭಾಳ ಶಾಣ್ಯಾ ಐತಿ, ಎಲ್ಲಿ ನಿಂದ್ರಬೇಕು ಅಂಬಾದು ಅದಕ್ಕ ಗೊತ್ತೈತಿ.”