ಹಾಸಿಗೆ ಹಿಡಿದ ಸಾಹೇಬರ ಲಾಗಿನ್

ಬೆನ್ನುನೋವು, ಮಗ್ಗುಲು ಹೊರಳೋಕೂ ಆಗ್ತಿಲ್ಲ ಅಂತ ರಜೆ ಹಾಕಿದ್ದ ಮ್ಯಾನೇಜರ್ ಸಾಹೇಬರು ಮೂರನೇ ದಿನ ಕಂಪ್ಯೂಟರ್ ವಿಭಾಗದ ಅಕ್ಕನಿಗೆ ಫೋನ್ ಮಾಡಿದರು. ಯಾರಿಗೆ ಜ್ವರ ಬಂದರೂ ಡಾಕ್ಟರ ಚೀಟಿ ಕೇಳುವ ಪುಣ್ಯಾತ್ಮ ಇವರೇ.

"ನನ್ನ ಮೇಲ್ ತೆರೀತಿಲ್ಲ ಕಣಮ್ಮ. ನೀವೆಲ್ಲ ಅಲ್ಲಿ ಏನು ಮಾಡ್ತಿದ್ದೀರಿ?"

ಅಕ್ಕ ದಾಖಲೆ ನೋಡಿದಳು. ಪಾಸ್‌ವರ್ಡ್ ಸರಿಯಾಗಿತ್ತು, ಆದರೆ ಲಾಗಿನ್ ಬಂದದ್ದು ಪರದೇಶದಿಂದ. ಅನುಮಾನಗೊಂಡ ವ್ಯವಸ್ಥೆ ಅದನ್ನು ತಡೆದು, 'ಇದು ನೀವೇನಾ?' ಅಂತ ಸಾಹೇಬರ ಮೊಬೈಲಿಗೆ ಕೇಳಿತ್ತು. ಸಾಹೇಬರು 'ನಾನಲ್ಲ' ಒತ್ತಿದ್ದರು. ಖಾತೆಗೆ ಬೀಗ ಬಿದ್ದಿತ್ತು.

"'ನಾನಲ್ಲ' ಅಂತ ಯಾಕೆ ಒತ್ತಿದ್ರಿ ಸರ್?"

"ಅದ್ರಲ್ಲಿ ಯಾವುದೋ ದೇಶದ ಹೆಸರಿತ್ತು. ನಾನು ಮನೇಲಿ ಮಲಗಿದ್ದೀನಲ್ಲ!"

ಕುಂಬಳಕಾಯಿ ಕಳ್ಳ ಅಂದ ಕೂಡಲೇ ಹೆಗಲು ಮುಟ್ಟಿ ನೋಡಿಕೊಂಡಿತ್ತು ಈ ಆಸಾಮಿ.

"ಹಾಗಾದ್ರೆ ನಿಮ್ಮ ಪಾಸ್‌ವರ್ಡ್ ಕಳ್ಳನ ಕೈಲಿದೆ ಸರ್. ಈಗಲೇ ಡೈರೆಕ್ಟರಿಗೆ ತಿಳಿಸ್ತೀನಿ."

ಸಾಹೇಬರು ಅವಸರದಲ್ಲಿ ತಡೆದರು. "ತಡಿಯಮ್ಮ... ಅದು ನಾನೇ."

"ಬಾಯಿಮಾತು ನಡೆಯಲ್ಲ ಸರ್. ವಿಡಿಯೋ ಕಾಲಲ್ಲಿ ಮುಖ, ಗುರುತಿನ ಚೀಟಿ ಎರಡೂ ತೋರಿಸಿ. ಆಮೇಲೆ ಹೊಸ ಪಾಸ್‌ವರ್ಡ್. ಈ ನಿಯಮಕ್ಕೆ ಸಹಿ ಹಾಕಿದ್ದು ನೀವೇ."

ವಿಡಿಯೋದಲ್ಲಿ ಸಾಹೇಬರು ಪ್ರತ್ಯಕ್ಷರಾದರು: ಹೂವಿನ ಚಡ್ಡಿ, ಕೊರಳಲ್ಲಿ ಟವೆಲ್, ಹಿಂದೆ ಈಜುಕೊಳ. ಅಕ್ಕ ಮುಖಕ್ಕೂ ಚೀಟಿಗೂ ತಾಳೆ ನೋಡಿ ಬೀಗ ತೆಗೆದಳು. ಆಮೇಲೆ ಡೈರೆಕ್ಟರಿಗೂ ಹೋಗುವ ವರದಿಯಲ್ಲಿ ಅಚ್ಚುಕಟ್ಟಾಗಿ ಬರೆದಳು:

"ಲಾಗಿನ್ ಆದವರು ಸಾಹೇಬರೇ. ಕಳ್ಳತನವಲ್ಲ. ವಿಡಿಯೋದಲ್ಲಿ ಖುದ್ದು ನೋಡಿದ್ದೇನೆ, ನೆಟ್ಟಗೆ ನಿಂತಿದ್ದರು."